ಉಕ್ಕಿನ ಪಟ್ಟಿಯೂ ‘ಪ್ಲಸ್ ಆರ್ ಮೈನಸ್’ ಲೆಕ್ಕವೂ

ಭೌತವಿಜ್ಞಾನದ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಪ್ರಯೋಗದ ಕೊನೆಗೆ ಎರಡು ಸಾಲು ಖಾಯಂ. ಒಂದು ಫಲಿತಾಂಶ, ಇನ್ನೊಂದು ಶೇಕಡಾ ದೋಷ. ಪುಸ್ತಕದಲ್ಲಿರುವ ಬೆಲೆಯಿಂದ ತಮಗೆ ಬಂದ ಬೆಲೆಯನ್ನು ಕಳೆದು, ಪುಸ್ತಕದ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಆ ಎರಡನೆಯ ಸಾಲು ಸಿದ್ಧ. ಉತ್ತರ ಮೊದಲೇ ಗೊತ್ತಿದ್ದಾಗ ಮಾತ್ರ ಹಾಕಬಹುದಾದ ಲೆಕ್ಕ ಇದು. ಉತ್ತರ ಗೊತ್ತಿಲ್ಲದ ಹೊಸ ಲೋಹದ ತುಂಡೊಂದನ್ನು ಕೊಟ್ಟರೆ ಈ ಸಾಲು ಬರೆಯಲು ಏನೂ ಉಳಿಯುವುದಿಲ್ಲ. ನಿಜವಾಗಿ ಬರೆಯಬೇಕಾದದ್ದು ಬೇರೆ: ನನ್ನ ಕೈಯಲ್ಲಿದ್ದ ಉಪಕರಣಗಳಿಂದ, ನಾನು ತೆಗೆದ ರೀಡಿಂಗುಗಳಿಂದ, ಈ ಉತ್ತರ ಎಷ್ಟರ ಮಟ್ಟಿಗೆ ಆಚೀಚೆ ಆಗಿರಬಹುದು? ಅದೇ ಅಳತೆಯ ಅನಿಶ್ಚಿತತೆ. ಅದನ್ನೊಂದು ಸಂಖ್ಯೆಯಾಗಿ ಬರೆದಿಟ್ಟರೆ ಅದು ಬರೀ ಶಿಷ್ಟಾಚಾರವಲ್ಲ, ಒಂದು ಹೇಳಿಕೆ. ಹೇಳಿಕೆ ಎಂದಮೇಲೆ ಅದು ಸುಳ್ಳೂ ಆಗಬಹುದು. ಸುಳ್ಳೋ ನಿಜವೋ ಎಂದು ಅದೇ ಲ್ಯಾಬಿನಲ್ಲಿ, ಅದೇ ಮೇಜಿನ ಮೇಲೆ ಪರೀಕ್ಷಿಸಲೂಬಹುದು. ಆ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಇದಕ್ಕೆ ಹೇಳಿ ಮಾಡಿಸಿದ ಪ್ರಯೋಗವೆಂದರೆ ಎಂಜಿನಿಯರಿಂಗ್ ಮೊದಲ ವರ್ಷದವರೂ ಬಿ.ಎಸ್ಸಿ.ಯವರೂ ಮಾಡುವ ಸಿಂಗಲ್ ಕ್ಯಾಂಟಿಲಿವರ್. ಉಕ್ಕಿನ ಚಪ್ಪಟೆ ಪಟ್ಟಿಯ ಒಂದು ತುದಿಯನ್ನು ಮೇಜಿಗೆ ಕ್ಲಾಂಪ್ ಮಾಡುತ್ತಾರೆ. ಇನ್ನೊಂದು ತುದಿ ಹೊರಗೆ ಚಾಚಿರುತ್ತದೆ. ಅದಕ್ಕೆ ಹ್ಯಾಂಗರ್ ತೂಗುಹಾಕಿ ಐವತ್ತೈವತ್ತು ಗ್ರಾಂ ತೂಕ ಏರಿಸುತ್ತ ಹೋಗುತ್ತಾರೆ. ತುದಿಗೆ ಅಂಟಿಸಿದ ಗುಂಡುಸೂಜಿಯ ಮೊನೆ ಎಷ್ಟು ಕೆಳಗಿಳಿಯಿತು ಎಂದು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಪಟ್ಟಿ ಬಗ್ಗಿದ ಪ್ರಮಾಣದಿಂದ ಉಕ್ಕಿನ ಯಂಗ್ ಗುಣಾಂಕ, ಅಂದರೆ ಆ ಲೋಹ ಬಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ, ಸಿಗುತ್ತದೆ. ಸೂತ್ರ ಇಷ್ಟು:

Y = 4mgL³ / (b d³ δ)

m ತೂಕದ ದ್ರವ್ಯರಾಶಿ, L ಕ್ಲಾಂಪಿನಿಂದ ತೂಕದವರೆಗಿನ ಉದ್ದ, b ಪಟ್ಟಿಯ ಅಗಲ, d ಪಟ್ಟಿಯ ದಪ್ಪ, δ ತುದಿ ಇಳಿದ ದೂರ. ಉದ್ದಕ್ಕೆ ಮೀಟರ್ ಸ್ಕೇಲು, ಅಗಲಕ್ಕೆ ವರ್ನಿಯರ್ ಕ್ಯಾಲಿಪರ್ಸ್, ದಪ್ಪಕ್ಕೆ ಸ್ಕ್ರೂ ಗೇಜು, ಇಳಿತಕ್ಕೆ ಮೈಕ್ರೋಸ್ಕೋಪು. ಹೀಗೆ ನಾಲ್ಕು ಉಪಕರಣಗಳ ನಾಲ್ಕು ಬಗೆಯ ತಪ್ಪುಗಳು ಒಂದೇ ಸೂತ್ರದೊಳಗೆ ಬಂದು ಸೇರುತ್ತವೆ. ಎಲ್ಲವೂ ಸಮಾನ ಬಲದಿಂದ ಸೇರುವುದಿಲ್ಲ ಎಂಬುದು ಆ ಪುಟ್ಟ 3 ಎಂಬ ಘಾತಗಳಲ್ಲೇ ಅಡಗಿದೆ.

ಲೆಕ್ಕಕ್ಕೆಂದು ಒಂದು ಸೆಟ್ ರೀಡಿಂಗು ಇಟ್ಟುಕೊಳ್ಳೋಣ. ತೂಕ 150 ಗ್ರಾಂ, ಅರ್ಧ ಗ್ರಾಂ ಆಚೀಚೆ. ಉದ್ದ 20.0 ಸೆಂ.ಮೀ., ಒಂದು ಮಿ.ಮೀ. ಆಚೀಚೆ. ಸ್ಕೇಲಿನಲ್ಲಿ ಅರ್ಧ ಮಿ.ಮೀ.ವರೆಗೆ ಓದಬಹುದಾದರೂ ಕ್ಲಾಂಪಿನ ಅಂಚು ಎಲ್ಲಿ ಮುಗಿಯುತ್ತದೆ, ಹ್ಯಾಂಗರಿನ ದಾರ ಸರಿಯಾಗಿ ಎಲ್ಲಿ ಕೂತಿದೆ ಎಂಬುದರಲ್ಲಿ ಉಳಿದರ್ಧ ಹೋಗುತ್ತದೆ. ಅಗಲ 2.50 ಸೆಂ.ಮೀ., ವರ್ನಿಯರಿನ ಲೀಸ್ಟ್ ಕೌಂಟ್ 0.01 ಸೆಂ.ಮೀ. ದಪ್ಪ 1.50 ಮಿ.ಮೀ., ಸ್ಕ್ರೂ ಗೇಜಿನ ಲೀಸ್ಟ್ ಕೌಂಟ್ 0.01 ಮಿ.ಮೀ. ಇಳಿತ 2.97 ಮಿ.ಮೀ. ಇದು ಮೈಕ್ರೋಸ್ಕೋಪಿನ ಎರಡು ರೀಡಿಂಗುಗಳ ವ್ಯತ್ಯಾಸವಾದ್ದರಿಂದ, ಸೂಜಿಯ ಮೊನೆಯನ್ನು ಅಡ್ಡಗೆರೆಗೆ ಕೂರಿಸುವ ಕಷ್ಟವನ್ನೂ ಸೇರಿಸಿ, 0.02 ಮಿ.ಮೀ. ಆಚೀಚೆ ಎನ್ನೋಣ. g ಬೆಂಗಳೂರಿನಲ್ಲಿ 9.78. ಅಭ್ಯಾಸಬಲದಿಂದ 9.8 ಎಂದು ಬರೆದರೆ ಶೇ 0.2ರಷ್ಟು ತಪ್ಪು. ಇಲ್ಲಿರುವ ಇತರ ತಪ್ಪುಗಳ ಮುಂದೆ ಅದು ಲೆಕ್ಕಕ್ಕಿಲ್ಲ.

ಇವನ್ನೆಲ್ಲ ಸೂತ್ರಕ್ಕೆ ಹಾಕಿದರೆ Y = 1.87 × 10¹¹ ನ್ಯೂಟನ್ ಪ್ರತಿ ಚದರ ಮೀಟರ್. ಓದಲು ಸುಲಭವಾಗಲೆಂದು ಇದನ್ನು 187 ಗಿಗಾಪಾಸ್ಕಲ್ ಎಂದು ಕರೆಯೋಣ. ಕ್ಯಾಲ್ಕುಲೇಟರು ಇನ್ನೂ ಏಳು ಅಂಕಿ ತೋರಿಸುತ್ತದೆ, ಅವು ಬೇಡ.

ಈಗ ಪ್ರಶ್ನೆ: 187, ಆಚೀಚೆ ಎಷ್ಟು? ಆಂಶಿಕ ಅವಕಲನ ಎಂದೊಡನೆ ಹಿಂಜರಿಯುವವರಿಗೆ ಒಂದು ಸರಳ ದಾರಿಯಿದೆ, ಮತ್ತು ನನ್ನ ಮಟ್ಟಿಗೆ ಅದೇ ಒಳ್ಳೆಯ ದಾರಿ. ಒಂದೊಂದು ರೀಡಿಂಗನ್ನೂ ಅದರ ಅನಿಶ್ಚಿತತೆಯಷ್ಟು ಮಾತ್ರ ಅಲುಗಿಸುವುದು, ಉಳಿದವನ್ನು ಮುಟ್ಟದೆ ಬಿಡುವುದು, Y ಎಷ್ಟು ಅಲುಗಿತು ಎಂದು ನೋಡುವುದು. ದಪ್ಪವನ್ನು 1.50ರ ಬದಲು 1.51 ಎಂದು ಹಾಕಿ: Y 183.6ಕ್ಕೆ ಇಳಿಯುತ್ತದೆ, ಅಂದರೆ 3.7ರಷ್ಟು ಅಲುಗಿತು. ಉದ್ದವನ್ನು 20.1 ಮಾಡಿ: 2.8 ಏರಿತು. ಇಳಿತವನ್ನು 2.99 ಮಾಡಿ: 1.3. ಅಗಲ 2.51: ಬರೀ 0.7. ತೂಕ 150.5: 0.6.

ಈ ಐದು ಸಂಖ್ಯೆಗಳನ್ನು ಒಂದು ಗಳಿಗೆ ಸುಮ್ಮನೆ ನೋಡಬೇಕು. ನೂರರಲ್ಲಿ ಒಂದು ಪಾಲು ಮಿಲಿಮೀಟರು ಅಳೆಯುವ ಸ್ಕ್ರೂ ಗೇಜು ಅತ್ಯಂತ ನಾಜೂಕಿನ ಉಪಕರಣ. ಆದರೂ ಅತಿ ದೊಡ್ಡ ತಪ್ಪು ಬಂದದ್ದು ಅದರಿಂದಲೇ. ಕಾರಣ ಎರಡು. ಅಳೆಯುತ್ತಿರುವ ವಸ್ತುವೇ ಬಲು ತೆಳು, ಹಾಗಾಗಿ 0.01 ಮಿ.ಮೀ. ಎಂದರೂ ಅದು ದಪ್ಪದ ಶೇ 0.67. ಮೇಲಾಗಿ ಸೂತ್ರದಲ್ಲಿ ದಪ್ಪದ ಘನವಿದೆ, ಅದು ಆ 0.67ನ್ನು ಮೂರುಪಟ್ಟು ಮಾಡಿ ಶೇ 2 ಮಾಡಿತು. ಇತ್ತ ವರ್ನಿಯರಿನಲ್ಲಿ ಅಗಲವನ್ನು ಆರಾರು ಬಾರಿ ಅಳೆದು, ಕೋಷ್ಟಕ ಹಾಕಿ, ಸರಾಸರಿ ತೆಗೆಯುವ ವಿದ್ಯಾರ್ಥಿ ಸಮಯ ಕಳೆದದ್ದು ಉತ್ತರಕ್ಕೆ ಏನೂ ಮಾಡದ ಜಾಗದಲ್ಲಿ. ಆ ಆರೂ ರೀಡಿಂಗುಗಳನ್ನು ಪಟ್ಟಿಯ ಉದ್ದಕ್ಕೂ ಬೇರೆ ಬೇರೆ ಕಡೆ ದಪ್ಪ ಅಳೆಯಲು ಬಳಸಿದ್ದರೆ ಅರ್ಥವಿತ್ತು.

ಇನ್ನು ಈ ಐದನ್ನು ಕೂಡಿಸುವುದು ಹೇಗೆ? ಪಿಯುಸಿ ಮಟ್ಟದಲ್ಲಿ ಸಾಮಾನ್ಯವಾಗಿ ಕಲಿಸುವುದು ನೇರ ಕೂಡಿಕೆ: ಎಲ್ಲ ಸೇರಿ 9.1. ಪದವಿಗೆ ಬಂದರೆ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ ಎನ್ನುತ್ತಾರೆ: ಆಗ 4.9. ಅದೇ ರೀಡಿಂಗಿಗೆ ಒಂದು ಕಡೆ 187 ± 9, ಇನ್ನೊಂದು ಕಡೆ 187 ± 5. ಯಾವುದು ಸರಿ ಎಂದು ಕೇಳಿದರೆ ಅನೇಕ ಲ್ಯಾಬುಗಳಲ್ಲಿ ಸಿಗುವ ಉತ್ತರ ‘ಸಿಲಬಸ್ಸಿನಲ್ಲಿ ಇರುವುದು’. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಅಷ್ಟೇ. ಐದೂ ತಪ್ಪುಗಳು ಏಕಕಾಲಕ್ಕೆ ತಮ್ಮ ಪೂರ್ತಿ ಪ್ರಮಾಣದಲ್ಲಿ, ಎಲ್ಲವೂ Yಯನ್ನು ಒಂದೇ ಕಡೆಗೆ ತಳ್ಳುವಂತೆ ಒಟ್ಟಾದರೆ ಏನಾದೀತು ಎಂಬುದಕ್ಕೆ 9. ಸ್ಕ್ರೂ ಗೇಜಿಗೂ ಮೀಟರ್ ಸ್ಕೇಲಿಗೂ ಒಳಸಂಚು ಇರಲಾರದು, ಒಂದು ಮೇಲಕ್ಕೆ ತಪ್ಪಿದರೆ ಇನ್ನೊಂದು ಕೆಳಕ್ಕೆ ತಪ್ಪಬಹುದು ಎಂದುಕೊಂಡರೆ 5. 1993ರಲ್ಲಿ ಐಎಸ್‌ಒ ಹೊರತಂದ, ಇಂದು ಪ್ರಯೋಗಾಲಯಗಳು ಅನುಸರಿಸುವ ಅನಿಶ್ಚಿತತೆಯ ಮಾರ್ಗದರ್ಶಿಯೂ ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳಿಗೆ ಎರಡನೆಯ ದಾರಿಯನ್ನೇ ಹಿಡಿದಿದೆ.

ಮಾತಿಗೆ ನಂಬಬೇಕಿಲ್ಲ, ಪರೀಕ್ಷಿಸಿ ನೋಡಬಹುದು. ಕಂಪ್ಯೂಟರಿನಲ್ಲಿ ಲಕ್ಷ ವಿದ್ಯಾರ್ಥಿಗಳನ್ನು ಕೂರಿಸಿ, ಪ್ರತಿಯೊಬ್ಬರಿಗೂ ಹೇಳಿದ ಮಿತಿಯಲ್ಲಿ ತಪ್ಪುವ ರೀಡಿಂಗುಗಳನ್ನು ಕೊಟ್ಟು, ಅವರವರ Y ಲೆಕ್ಕ ಹಾಕಿಸಿದರೆ ಆಯಿತು. ಪೈಥಾನಿನಲ್ಲಿ ಹತ್ತು ಸಾಲು ಸಾಕು:

```python
import numpy as np
r = np.random.default_rng()
n = 100000
m = r.normal(0.150, 0.0005, n)
L = r.normal(0.200, 0.001, n)
b = r.normal(0.0250, 0.0001, n)
d = r.normal(0.00150, 0.00001, n)
s = r.normal(0.00297, 0.00002, n)
Y = 4*m*9.78*L**3/(b*d**3*s)
print(Y.mean()/1e9, Y.std()/1e9)
```

ಸರಾಸರಿ 187ರ ಸುತ್ತ, ಹರಹು 5ರ ಹತ್ತಿರ ಬರುತ್ತದೆ. ಲಕ್ಷ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ 182ರಿಂದ 192ರೊಳಗೆ ಬೀಳುತ್ತಾರೆ. ಒಂಬತ್ತರಾಚೆ ಹೋಗುವವರು ವಿರಳ.

ಇದೇ ಪ್ರೋಗ್ರಾಮಿನಲ್ಲಿ ಒಂದು ಕುಚೇಷ್ಟೆ ಮಾಡಿ ನೋಡುವುದು ಲಾಭದಾಯಕ. `d**3` ಇರುವಲ್ಲಿ ಬೇರೆ ಬೇರೆಯಾಗಿ ತೆಗೆದ `d1`, `d2`, `d3` ಎಂಬ ಮೂರು ದಪ್ಪಗಳ ಗುಣಲಬ್ಧವನ್ನು ಇಟ್ಟರೆ ಹರಹು 5ರಿಂದ 4ಕ್ಕೆ ಇಳಿಯುತ್ತದೆ. ವೈವಾದಲ್ಲಿ ಚುರುಕಾದ ವಿದ್ಯಾರ್ಥಿಗಳೂ ಎಡವುವ ಜಾಗ ಇದು. ‘ದಪ್ಪದ ಘನ ಎಂದರೆ d ಮೂರು ಸಲ ಗುಣಿಸಿದ್ದು ತಾನೇ ಸಾರ್? ಮೂರಕ್ಕೂ ಶೇ 0.67 ತಪ್ಪು, ವರ್ಗ ಕೂಡಿಸಿ ಮೂಲ ತೆಗೆದರೆ 1.15, ಮತ್ತೆ ನೀವು ಮೂರರಿಂದ ಗುಣಿಸಿ 2 ಯಾಕೆ ಮಾಡಿದಿರಿ?’ ಪ್ರಶ್ನೆ ದಡ್ಡತನದ್ದಲ್ಲ. ವರ್ಗಮೂಲದ ನಿಯಮ ನಡೆಯುವುದು ತಪ್ಪುಗಳು ಒಂದಕ್ಕೊಂದು ಗೊತ್ತಿಲ್ಲದಂತೆ ಆದಾಗ. ಇಲ್ಲಿ ಮೂರು ಸಲ ಬಂದಿರುವುದು ಒಂದೇ ರೀಡಿಂಗು. ಅದು ಹೆಚ್ಚು ಓದಿದ್ದರೆ ಮೂರೂ ಸ್ಥಾನದಲ್ಲಿ ಹೆಚ್ಚೇ, ಕಡಿಮೆಯಾಗಿದ್ದರೆ ಮೂರರಲ್ಲೂ ಕಡಿಮೆಯೇ. ಒಂದು ಇನ್ನೊಂದನ್ನು ತಗ್ಗಿಸುವ ಅವಕಾಶವೇ ಇಲ್ಲ. ಆದ್ದರಿಂದ ಒಂದೇ ಅಳತೆಯ ಘಾತಕ್ಕೆ ನೇರ ಗುಣಾಕಾರ, ಬೇರೆ ಬೇರೆ ಅಳತೆಗಳ ನಡುವೆ ವರ್ಗಮೂಲ. ಒಂದು ರೀಡಿಂಗನ್ನು ಅಲುಗಿಸಿ ನೋಡುವ ಸರಳ ವಿಧಾನದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಸೂತ್ರದಲ್ಲಿ ಆ d ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಾನಾಗಿ ಅಲುಗುತ್ತದೆ.

ಇಷ್ಟು ಹೊತ್ತು ಮಾಡಿದ್ದು ಗಣಿತದ ಪರೀಕ್ಷೆ. ಹಾಕಿದ ಅನಿಶ್ಚಿತತೆಗಳು ಸರಿ ಎಂದು ಒಪ್ಪಿಕೊಂಡರೆ ಉತ್ತರದ್ದು ಸರಿ ಎಂದಷ್ಟೇ ಅದು ಹೇಳುತ್ತದೆ. ಹಾಕಿದ್ದೇ ತಪ್ಪಾಗಿದ್ದರೆ? ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಅದಕ್ಕೆ ಪಟ್ಟಿಯನ್ನೇ ಕೇಳಬೇಕು.

ಮೊದಲ ದಾರಿ ಬ್ಯಾಚಿನದು. ಅದೇ ಪಟ್ಟಿ, ಅದೇ ಕ್ಲಾಂಪು, ಅದೇ ಸ್ಕ್ರೂ ಗೇಜು ಇಟ್ಟುಕೊಂಡು ಇಪ್ಪತ್ತು ಜನ ಒಬ್ಬರ ರೀಡಿಂಗು ಇನ್ನೊಬ್ಬರು ನೋಡದೆ ಪ್ರಯೋಗ ಮಾಡಲಿ. ಅವರ ಉತ್ತರಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆಯಿರಿ. ± 5 ನಿಜವಾದರೆ ಆ ಇಪ್ಪತ್ತು ಸಂಖ್ಯೆಗಳ ಹರಹೂ 5ರ ಆಸುಪಾಸಿನಲ್ಲಿರಬೇಕು, ಹದಿಮೂರು ಹದಿನಾಲ್ಕು ಮಂದಿ ಸರಾಸರಿಯಿಂದ 5ರೊಳಗೆ ಇರಬೇಕು. ಹರಹು 12 ಬಂದರೆ ಯಾರೂ ಗಮನಿಸದ ತಪ್ಪೊಂದು ಸೇರಿಕೊಂಡಿದೆ. ಬಹುಮಟ್ಟಿಗೆ ಅದು ಮೈಕ್ರೋಸ್ಕೋಪಿನ ಬ್ಯಾಕ್‌ಲ್ಯಾಶ್: ಸ್ಕ್ರೂವನ್ನು ತೂಕ ಏರಿಸುವಾಗ ಒಂದು ದಿಕ್ಕಿಗೆ, ಸೂಜಿಯ ಮೊನೆ ದಾಟಿಹೋಯಿತೆಂದು ಹಿಂದಕ್ಕೆ ತಿರುಗಿಸಿದಾಗ ಇನ್ನೊಂದು ದಿಕ್ಕಿಗೆ ಎಳೆದರೆ, ಹಲ್ಲುಗಳ ನಡುವಿನ ಸಡಿಲು ರೀಡಿಂಗಿಗೆ ಸೇರುತ್ತದೆ. ಪ್ರತಿ ಸಲ ಒಂದೇ ಕಡೆಯಿಂದ ಬಂದು ನಿಲ್ಲಿಸಿದರೆ ಅದು ಹೋಗುತ್ತದೆ.

ಹರಹು ಬಹಳ ಕಡಿಮೆ ಬಂದರೂ ಅನುಮಾನಿಸಬೇಕು, ಇದನ್ನು ಜನ ಮರೆಯುತ್ತಾರೆ. ಇಪ್ಪತ್ತು ರೆಕಾರ್ಡುಗಳಲ್ಲಿ ಎಲ್ಲವೂ 199ರಿಂದ 201ರ ನಡುವೆ ಇದ್ದರೆ ಆ ಬ್ಯಾಚು ಅಪ್ರತಿಮ ಕೌಶಲದ್ದು ಎಂದಲ್ಲ. ಈ ಸ್ಕ್ರೂ ಗೇಜು ಒಂದೇ ± 4ರಷ್ಟು ಅಲುಗಿಸುತ್ತದೆ, ಅದಕ್ಕಿಂತ ಕಡಿಮೆ ಹರಹು ಇಪ್ಪತ್ತು ಸ್ವತಂತ್ರ ಅಳತೆಗಳಿಂದ ಬರುವುದು ಕಷ್ಟ. ಒಂದೋ ಎಲ್ಲರೂ ಒಬ್ಬರು ಓದಿದ ರೀಡಿಂಗುಗಳನ್ನೇ ಬರೆದುಕೊಂಡಿದ್ದಾರೆ, ಇಲ್ಲವೇ ಲ್ಯಾಬಿನ ಭಾಷೆಯಲ್ಲಿ ಹೇಳುವಂತೆ ರೀಡಿಂಗುಗಳು ‘ಕುಕ್’ ಆಗಿವೆ. ಪುಸ್ತಕದ 200ರಿಂದ ಹಿಂದಕ್ಕೆ ಲೆಕ್ಕ ಹಾಕಿ δ ಬರೆಯುವ ಕಲೆ ನಮ್ಮ ಕಾಲೇಜುಗಳಲ್ಲಿ ಹೊಸದೇನಲ್ಲ. ಆ ಕಲಾವಿದರು ಸರಾಸರಿಯನ್ನು ಸರಿಯಾಗಿ ಕೂರಿಸುತ್ತಾರೆ, ಹರಹನ್ನು ಕೂರಿಸಲು ಮರೆಯುತ್ತಾರೆ.

ಬ್ಯಾಚಿನ ಪರೀಕ್ಷೆಗೆ ಒಂದು ಮಿತಿಯಿದೆ, ಅದು ಸಣ್ಣದಲ್ಲ. ಎಲ್ಲರೂ ಹಂಚಿಕೊಂಡ ತಪ್ಪು ಹರಹಿನಲ್ಲಿ ಕಾಣುವುದಿಲ್ಲ. ಸ್ಕ್ರೂ ಗೇಜನ್ನು ಮುಚ್ಚಿದಾಗ ಸೊನ್ನೆಯ ಬದಲು 0.02 ಮಿ.ಮೀ. ತೋರಿಸುತ್ತಿದ್ದು, ಯಾರೂ ಆ ಝೀರೊ ಎರರ್ ಕಳೆಯದಿದ್ದರೆ ಎಲ್ಲರ ದಪ್ಪವೂ 1.50ರ ಬದಲು 1.52, ಎಲ್ಲರ Yಯೂ ಶೇ 4ರಷ್ಟು ಕಡಿಮೆ. ಇಪ್ಪತ್ತು ಉತ್ತರಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡೇ ಇರುತ್ತವೆ, ಎಲ್ಲವೂ ಒಟ್ಟಿಗೆ ತಪ್ಪಾಗಿರುತ್ತವೆ. ಇಪ್ಪತ್ತು ಜನರ ಸರಾಸರಿ ತೆಗೆದರೆ ಅನಿಶ್ಚಿತತೆ 5ನ್ನು 20ರ ವರ್ಗಮೂಲದಿಂದ ಭಾಗಿಸಿ ± 1.1 ಎಂದು ಬರೆಯುವ ಆಸೆ ಹುಟ್ಟುತ್ತದೆ. ಬಿಡಿಬಿಡಿಯಾಗಿ ಆಗುವ ತಪ್ಪಿಗೆ ಆ ಭಾಗಾಕಾರ ಸರಿ, ಹಂಚಿಕೊಂಡ ತಪ್ಪಿಗೆ ಅದು ಏನೂ ಮಾಡುವುದಿಲ್ಲ.

ಈಗ ನಮ್ಮ 187ಕ್ಕೆ ಬರೋಣ. ಝೀರೊ ಎರರ್ ನೋಡಿ ಕಳೆದಿದ್ದಾಯಿತು, ಬ್ಯಾಕ್‌ಲ್ಯಾಶ್ ಇಲ್ಲ. ಸಾಧಾರಣ ಉಕ್ಕಿಗೆ 200ರಿಂದ 210 ಇರಬೇಕೆಂದು ಪುಸ್ತಕಗಳು ಹೇಳುತ್ತವೆ. 187 ± 5 ಎಂದರೆ 200 ನಮ್ಮ ಅನಿಶ್ಚಿತತೆಯ ಎರಡೂವರೆ ಪಟ್ಟಿಗೂ ಆಚೆ ಕೂತಿದೆ. ಬರೀ ದುರದೃಷ್ಟದಿಂದ ಹಾಗಾಗುವುದು ನೂರಕ್ಕೆ ಒಂದು ಸಲ. ಈ ಹಂತದಲ್ಲಿ ರೆಕಾರ್ಡು ಬರೆಯುವವರು ‘ಶೇಕಡಾ ದೋಷ 6.5’ ಎಂದು ಬರೆದು ಮುಗಿಸುತ್ತಾರೆ. ± ಬರೆದವನಿಗೆ ಹಾಗೆ ಮುಗಿಸುವ ಅನುಕೂಲವಿಲ್ಲ. ನಾನು ಗುರುತಿಸಿದ ಐದೂ ತಪ್ಪುಗಳನ್ನು ಲೆಕ್ಕ ಹಾಕಿದರೂ ಈ ದೂರ ತುಂಬುತ್ತಿಲ್ಲ, ಹಾಗಾದರೆ ನಾನು ಗುರುತಿಸದ ಆರನೆಯದೊಂದು ಇರಬೇಕು ಎಂದು ಆ ± ಒತ್ತಾಯಿಸುತ್ತದೆ.

ಪುಸ್ತಕದ ಬೆಲೆ ನೋಡದೆಯೂ ಆ ಆರನೆಯದನ್ನು ಹಿಡಿಯಬಹುದು. ಉಪಾಯ ಇಷ್ಟೇ: ಬದಲಾಗಬಾರದ ಉತ್ತರ ಬದಲಾಗುತ್ತದೋ ನೋಡುವುದು. ಉಕ್ಕಿಗೆ ತನ್ನ ಉದ್ದ ಎಷ್ಟೆಂದು ಗೊತ್ತಿಲ್ಲ. ಚಾಚಿದ ಭಾಗ 12 ಸೆಂ.ಮೀ. ಇರಲಿ, 24 ಇರಲಿ, Y ಒಂದೇ ಬರಬೇಕು. ಆದ್ದರಿಂದ ಪಟ್ಟಿಯನ್ನು ಸರಿಸಿ ಸರಿಸಿ ಕ್ಲಾಂಪ್ ಮಾಡಿ, ನಾಲ್ಕು ಉದ್ದಗಳಿಗೆ ಪ್ರಯೋಗ ಮಾಡಬೇಕು. ಚಿಕ್ಕ ಉದ್ದದಲ್ಲಿ ಇಳಿತ ತೀರಾ ಕಡಿಮೆಯಾಗಿ 0.02 ಮಿ.ಮೀ. ತಪ್ಪೇ ದೊಡ್ಡದಾಗುತ್ತದೆ, ಅದಕ್ಕೆ ಅಲ್ಲಿ ತೂಕ ಹೆಚ್ಚಿಸಿ, ಬಂದ ಇಳಿತವನ್ನು 150 ಗ್ರಾಂ ಲೆಕ್ಕಕ್ಕೆ ಇಳಿಸಿಕೊಳ್ಳಬೇಕು. 12 ಸೆಂ.ಮೀ.ಗೆ 450 ಗ್ರಾಂ, 16ಕ್ಕೆ 300 ಗ್ರಾಂ ಹಾಕಿ ಹಾಗೆ ಮಾಡಿದಾಗ 150 ಗ್ರಾಂಗೆ ಇಳಿತಗಳು ಹೀಗೆ ಬಂದವು ಎನ್ನೋಣ: 12 ಸೆಂ.ಮೀ.ಗೆ 0.667 ಮಿ.ಮೀ., 16ಕ್ಕೆ 1.545, 20ಕ್ಕೆ 2.97, 24ಕ್ಕೆ 5.08.

ಇವುಗಳಿಂದ Y ಕಟ್ಟಿದರೆ ಕ್ರಮವಾಗಿ 180, 184, 187, 189. ಉದ್ದ ಹೆಚ್ಚಿದಂತೆ ಉಕ್ಕು ಗಟ್ಟಿಯಾಗುತ್ತ ಹೋದಂತೆ ಕಾಣುತ್ತದೆ! ‘ಎಲ್ಲವೂ ± 5ರ ಆಸುಪಾಸಿನಲ್ಲೇ ಇವೆಯಲ್ಲ, ಏನು ಮಹಾ?’ ಎನ್ನಬಹುದು. ಇಲ್ಲೇ ಹಂಚಿಕೊಂಡ ತಪ್ಪಿನ ವಿಚಾರ ನಮ್ಮ ಸಹಾಯಕ್ಕೆ ಬರುವುದು. ನಾಲ್ಕೂ ಪ್ರಯೋಗದಲ್ಲಿ ಅದೇ ಪಟ್ಟಿ, ಅದೇ b, ಅದೇ d. ದಪ್ಪವನ್ನು ನಾವು ತಪ್ಪು ಅಳೆದಿದ್ದರೆ ನಾಲ್ಕೂ ಉತ್ತರಗಳು ಒಟ್ಟಿಗೆ ಮೇಲೋ ಕೆಳಗೋ ಹೋಗುತ್ತವೆ, ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ಒಂದನ್ನೊಂದು ಹೋಲಿಸುವಾಗ ದೊಡ್ಡ ಖಳನಾಯಕನಾದ d ಆಟದಿಂದಲೇ ಹೊರಗೆ. ಉಳಿಯುವುದು ಉದ್ದವನ್ನು ಗೆರೆಗೆ ಹೊಂದಿಸುವಲ್ಲಿನ ಅರ್ಧ ಮಿ.ಮೀ. ಮತ್ತು ಇಳಿತದ ತಪ್ಪು ಮಾತ್ರ. ಅವೆರಡನ್ನೇ ಲೆಕ್ಕ ಹಾಕಿದರೆ 180ಕ್ಕೂ 189ಕ್ಕೂ ಇರುವ ಅಂತರ 9, ಅದರ ಅನಿಶ್ಚಿತತೆ ಸುಮಾರು 3. ಇದು ಕಣ್ಣಿನ ಭ್ರಮೆಯಲ್ಲ.

ಏನಾಗುತ್ತಿದೆ? ಸೂತ್ರ ಬರೆಯುವಾಗ ಪಟ್ಟಿ ಕ್ಲಾಂಪಿನ ಅಂಚಿನಲ್ಲಿ ಕಿಂಚಿತ್ತೂ ಅಲುಗದಂತೆ ಹಿಡಿಯಲ್ಪಟ್ಟಿದೆ ಎಂದು ಒಪ್ಪಿಕೊಂಡಿದ್ದೆವು. ನಿಜವಾದ ಜಿ-ಕ್ಲಾಂಪು, ಅದರಡಿಯ ಮರದ ತುಂಡು, ಮೇಜಿನ ಅಂಚು ಯಾವುದೂ ಅಷ್ಟು ಗಟ್ಟಿಯಲ್ಲ. ಪಟ್ಟಿ ಅಂಚಿನ ಒಳಗೂ ತುಸು ಬಗ್ಗುತ್ತದೆ. ನಾವು ಅಳೆದ ಉದ್ದಕ್ಕಿಂತ ಬಗ್ಗುವ ಉದ್ದ ಸ್ವಲ್ಪ ಹೆಚ್ಚು. ಈ ಹೆಚ್ಚುವರಿ ತುಣುಕು ಚಿಕ್ಕ ಉದ್ದದಲ್ಲಿ ಪ್ರಮಾಣದಲ್ಲಿ ದೊಡ್ಡದು, ದೊಡ್ಡ ಉದ್ದದಲ್ಲಿ ಚಿಕ್ಕದು. ಅದಕ್ಕೇ Y ಏರುತ್ತ ಹೋದದ್ದು.

ಆ ತುಣುಕಿನ ಉದ್ದವನ್ನು ಅಳೆಯಲೂಬಹುದು. ಇಳಿತ ಉದ್ದದ ಘನಕ್ಕೆ ಅನುಗುಣವಾದ್ದರಿಂದ ಇಳಿತದ ಘನಮೂಲ ಉದ್ದಕ್ಕೆ ಅನುಗುಣ. ನಮ್ಮ ನಾಲ್ಕು ಇಳಿತಗಳ ಘನಮೂಲ 0.874, 1.156, 1.437, 1.719. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಉದ್ದ, ಲಂಬಕ್ಕೆ ಈ ಘನಮೂಲ ಗುರುತಿಸಿದರೆ ನಾಲ್ಕೂ ಚುಕ್ಕೆ ಒಂದು ನೇರ ಗೆರೆಯಲ್ಲಿ ಕೂರುತ್ತವೆ. ಎಲ್ಲ ಸರಿಯಿದ್ದಿದ್ದರೆ ಆ ಗೆರೆ ಮೂಲಬಿಂದುವಿನ ಮೂಲಕ ಹಾದುಹೋಗಬೇಕಿತ್ತು. ಹಾಗಾಗುವುದಿಲ್ಲ. ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಉದ್ದದ ಅಕ್ಷವನ್ನು ಸೊನ್ನೆಯ ಎಡಕ್ಕೆ, ಸುಮಾರು 4 ಮಿ.ಮೀ. ಆಚೆ ಕತ್ತರಿಸುತ್ತದೆ. ಅದೇ ಕ್ಲಾಂಪಿನೊಳಗೆ ಬಗ್ಗುತ್ತಿರುವ ಉದ್ದ. ನಾವು Lನ ಅನಿಶ್ಚಿತತೆ ಒಂದು ಮಿ.ಮೀ. ಎಂದು ಧೈರ್ಯವಾಗಿ ಬರೆದಿದ್ದೆವು, ಅದು ನಿಜಕ್ಕೂ ನಾಲ್ಕು ಮಿ.ಮೀ. ತಪ್ಪಾಗಿತ್ತು. ಸ್ಕೇಲು ಸರಿಯಾಗಿಯೇ ಓದಿತ್ತು, ಅಳೆಯಬೇಕಾದ ಉದ್ದ ಅದಾಗಿರಲಿಲ್ಲ.

ಗೆರೆಯ ಓರೆಯಿಂದ Y ತೆಗೆದರೆ ಈ ಹೆಚ್ಚುವರಿ ತುಣುಕು ತಾನಾಗಿ ಕಳಚಿಕೊಳ್ಳುತ್ತದೆ. ಓರೆ ಪ್ರತಿ ಸೆಂ.ಮೀ.ಗೆ 0.0704, Y 199. ಅದರ ಅನಿಶ್ಚಿತತೆ? ಓರೆಯ ತಪ್ಪು ಶೇ 0.7ರಷ್ಟು, ಘನದಿಂದಾಗಿ ಅದು ಶೇ 2.1. ಅದಕ್ಕೆ ದಪ್ಪದ ಶೇ 2, ಅಗಲ ಮತ್ತು ತೂಕದ ಚಿಲ್ಲರೆ ಸೇರಿ ವರ್ಗಮೂಲದ ದಾರಿಯಲ್ಲಿ ಶೇ 3. ಉತ್ತರ 199 ± 6.

ಮೊದಲಿನದು 187 ± 5, ಇಷ್ಟೆಲ್ಲ ಮಾಡಿದ ಮೇಲಿನದು 199 ± 6. ನಾಲ್ಕು ಪಟ್ಟು ಕೆಲಸ ಮಾಡಿ ಅನಿಶ್ಚಿತತೆ ಹೆಚ್ಚಾಯಿತೇ ಎಂದು ವಿದ್ಯಾರ್ಥಿ ಗೊಣಗಿದರೆ ತಪ್ಪಿಲ್ಲ. ಆದರೆ ಹಳೆಯ 5 ಕಡಿಮೆಯಾಗಿ ಕಂಡದ್ದು ಕ್ಲಾಂಪು ಗಟ್ಟಿ ಎಂಬ ಊಹೆಗೆ ಬೆಲೆ ಕಟ್ಟದೆ ಇದ್ದುದರಿಂದ. ಹೊಸ 6ರಲ್ಲಿ ಆ ಊಹೆ ಇಲ್ಲ. ಪರೀಕ್ಷಕನಾಗಿ ಅಂಕ ಕೊಡುವುದಾದರೆ ನಾನು ಎರಡನೆಯದಕ್ಕೇ ಹೆಚ್ಚು ಕೊಡುತ್ತೇನೆ. ಕೇವಲ ಚಿಕ್ಕ ± ನೋಡಿ ಮೆಚ್ಚುವುದು ತಕ್ಕಡಿಯ ಮುಳ್ಳು ಅಂಟಿಕೊಂಡಿರುವುದನ್ನು ಸ್ಥಿರತೆ ಎಂದು ಭಾವಿಸಿದ ಹಾಗೆ.

ಇನ್ನು ಉಳಿದಿರುವ ಶೇ 3ರಲ್ಲಿ ದೊಡ್ಡದೊಂದು ಪಾಲು ದಪ್ಪದ್ದು, ಮತ್ತು ಉದ್ದ ಬದಲಿಸುವ ಪರೀಕ್ಷೆ ಅದನ್ನು ಮುಟ್ಟಲಾರದು ಎಂದು ಆಗಲೇ ನೋಡಿದೆವು. ಅದಕ್ಕೆ ಬೇರೆಯದೇ ದಾರಿ ಬೇಕು, ಸ್ಕ್ರೂ ಗೇಜಿನ ಹಂಗಿಲ್ಲದ್ದು. ಅದೂ ಕಷ್ಟವಲ್ಲ: ಪಟ್ಟಿಯನ್ನೇ ತೂಗುವುದು. 30 ಸೆಂ.ಮೀ. ಉದ್ದ, 2.50 ಸೆಂ.ಮೀ. ಅಗಲದ ಪಟ್ಟಿ 88.3 ಗ್ರಾಂ ತೂಗಿದರೆ, ಸಾಧಾರಣ ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ ಎಂದು ಹಿಡಿದು ಭಾಗಿಸಿದಾಗ ದಪ್ಪ 1.50 ಮಿ.ಮೀ. ಬರುತ್ತದೆ. ಅದು ಒಂದು ಬಿಂದುವಿನ ದಪ್ಪವಲ್ಲ, ಇಡೀ ಪಟ್ಟಿಯ ಸರಾಸರಿ. ಇದರಲ್ಲಿ ಒಂದು ತಮಾಷೆಯೂ ಇದೆ. ಹೀಗೆ ಸಿಕ್ಕ dಯನ್ನು ಸೂತ್ರಕ್ಕೆ ಹಾಕಿದರೆ d ಬಂದದ್ದೇ bಯಿಂದ ಭಾಗಿಸಿದ್ದರಿಂದಾದ್ದರಿಂದ, ಇಷ್ಟು ಹೊತ್ತು ಮೂಲೆಯಲ್ಲಿ ಸಾಧುವಾಗಿ ಕೂತಿದ್ದ ಅಗಲ ಈಗ ವರ್ಗವಾಗಿ ಮೇಲೆ ಬಂದು ಕೂರುತ್ತದೆ, ಅದರ ಶೇ 0.4 ತಪ್ಪು 0.8 ಆಗುತ್ತದೆ. ಸಾಂದ್ರತೆಯಲ್ಲಿ ಶೇ ಅರ್ಧದಷ್ಟು ಅನುಮಾನವಿದ್ದರೆ ಅದು ಮೂರುಪಟ್ಟಾಗಿ 1.5. ಒಟ್ಟಿನಲ್ಲಿ ಗಳಿಕೆ ಹೆಚ್ಚಿಲ್ಲ. ಆದರೆ ಈ ತೂಕದ ದಪ್ಪವನ್ನು ಇಡಬೇಕಾದದ್ದು ಸ್ಕ್ರೂ ಗೇಜಿನ ದಪ್ಪದ ಪಕ್ಕದಲ್ಲಿ. ಎರಡೂ 0.01 ಮಿ.ಮೀ. ಒಳಗೆ ಹೊಂದಿದರೆ ಸರಿ. ಗೇಜು 1.52 ಎಂದು, ತೂಕ 1.50 ಎಂದು ಹೇಳಿದರೆ ಎರಡರ ಸರಾಸರಿ ತೆಗೆಯಬೇಡಿ. ಗೇಜಿನ ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆ ಎಲ್ಲಿ ನಿಂತಿದೆ ನೋಡಿ. ಅದು ಸರಿಯಿದ್ದರೆ ಪಟ್ಟಿಯ ಮೇಲಿನ ತುಕ್ಕನ್ನೂ ಬಣ್ಣವನ್ನೂ ಮರಳು ಕಾಗದದಿಂದ ಉಜ್ಜಿ ಮತ್ತೊಮ್ಮೆ ಅಳೆಯಿರಿ.